ಥ್ರೋಟ್ ಹೇಳಿದಷ್ಟೇ ಗಾಳಿ: ಚೋಕ್ ಆದ ನಾಝಲ್ ಅಳೆದ ನನ್ನ ಅನುಭವ

ಮೊದಲು ಕಿರಿದಾಗಿ ಆಮೇಲೆ ಅಗಲವಾಗುವ ನಾಝಲ್ ಬಗ್ಗೆ ಪಾಠ ಓದಿದವರಿಗೆಲ್ಲ ಒಂದು ಮಾತು ಗೊತ್ತಿರುತ್ತದೆ. ಥ್ರೋಟ್‌ನಲ್ಲಿ, ಅಂದರೆ ತೀರಾ ಕಿರಿದಾದ ಜಾಗದಲ್ಲಿ, ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ, ಹೊರಗಿನ ಒತ್ತಡ ಎಷ್ಟು ಇಳಿಸಿದರೂ ಮಾಸ್ ಫ್ಲೋ, ಅಂದರೆ ಸೆಕೆಂಡಿಗೆ ಹೋಗುವ ಗಾಳಿಯ ತೂಕ, ಹೆಚ್ಚುವುದಿಲ್ಲ. ನಾಝಲ್ ಚೋಕ್ ಆಗುವುದು ಎಂದರೆ ಇದೇ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಇದನ್ನು ಲೇತ್ ಮೇಲೆ ಮಾಡಿ, ಗೇಜ್ ಇಟ್ಟು ಅಳೆದು ನೋಡಿದಾಗ ಆ ಮಾತಿನ ನಿಜವಾದ ಅರ್ಥ ತಿಳಿಯುತ್ತದೆ. ನಾನು ಹೇಗೆ ಮಾಡಿದೆ ಎಂದು ಇಲ್ಲಿ ಬರೆಯುತ್ತೇನೆ.

ನಾಝಲ್‌ಗಳನ್ನು ಹಿತ್ತಾಳೆಯಲ್ಲಿ ತಿರುಗಿಸಿದೆ. ಒಂದೇ ಹೋಲ್ಡರ್‌ಗೆ ಕೂರುವ ಹಾಗೆ ಎಲ್ಲದರ ಹೊರಮೈ ಒಂದೇ ಅಳತೆ. ಮುಖ್ಯವಾದದ್ದರ ಥ್ರೋಟ್ 4 ಮಿಮೀ, ಗಾಳಿ ಹೊರಬರುವ ಬಾಯಿ 5.2 ಮಿಮೀ. ಬಾಯಿಯ ವಿಸ್ತೀರ್ಣ ಥ್ರೋಟ್‌ನ 1.69 ಪಟ್ಟು ಆಗುತ್ತದೆ. ಗಾಳಿಗೆ ಇದು ಮ್ಯಾಕ್ 2ಕ್ಕೆ ಹೊಂದುವ ಅನುಪಾತ. ಎರಡನೆಯದರ ಥ್ರೋಟ್ ಅದೇ 4 ಮಿಮೀ, ಬಾಯಿ ಮಾತ್ರ 7 ಮಿಮೀ. ಮೂರನೆಯದರ ಥ್ರೋಟ್ 5 ಮಿಮೀ, ಬಾಯಿ 5.2. ನಾಲ್ಕನೆಯದನ್ನು 4 ಮಿಮೀ ಥ್ರೋಟ್‌ನಲ್ಲೇ ಕತ್ತರಿಸಿಬಿಟ್ಟೆ, ಮುಂದಿನ ಅಗಲವಾಗುವ ಭಾಗವೇ ಇಲ್ಲ.

ಥ್ರೋಟ್ ಅನ್ನು ಡ್ರಿಲ್ ಮಾಡಿ ಬಿಟ್ಟರೆ ಸಾಲದು, ರೀಮರ್ ಹಾಕಲೇಬೇಕು. ಒಳಬರುವ ಕಡೆ ಅಂಚು ಚೂಪಾಗಿ ಉಳಿದರೆ ಗಾಳಿ ತಿರುಗುವಾಗ ಗೋಡೆಯಿಂದ ಬಿಟ್ಟು ಒಳಕ್ಕೆ ಸರಿಯುತ್ತದೆ. ಆಗ ಗಾಳಿಗೆ ಸಿಗುವ ದಾರಿ ಲೋಹದ ತೂತಿಗಿಂತ ಚಿಕ್ಕದು. ಅದಕ್ಕೇ ಆ ಕಡೆಯನ್ನು ದುಂಡಗೆ ತಿರುಗಿಸಿದೆ. ದುಂಡಿನ ತ್ರಿಜ್ಯ ಥ್ರೋಟ್ ವ್ಯಾಸದ ಎರಡರಷ್ಟು. ಹರಿವು ಅಳೆಯುವ ಸೋನಿಕ್ ನಾಝಲ್‌ಗಳಿಗೆ ಇರುವ ಐಎಸ್‌ಒ 9300 ಮಾನದಂಡದಲ್ಲೂ ಇದೇ ಆಕಾರ ಬರುತ್ತದೆ. ಅಗಲವಾಗುವ ಕಡೆಯ ಗೋಡೆಗೆ 4 ಡಿಗ್ರಿ ಓರೆ ಕೊಟ್ಟೆ. ಕೊನೆಗೆ ಪಿನ್ ಗೇಜ್ ತೂರಿಸಿ ವ್ಯಾಸ ನೋಡಿದೆ. ಇಲ್ಲಿ ಆತುರ ಪಡಬಾರದು. ವ್ಯಾಸದಲ್ಲಿ 0.05 ಮಿಮೀ ಜಾಸ್ತಿಯಾದರೆ ವಿಸ್ತೀರ್ಣ 2.5% ಜಾಸ್ತಿ, ಮಾಸ್ ಫ್ಲೋ ಕೂಡ ಅಷ್ಟೇ ಜಾಸ್ತಿ. ಥ್ರೋಟ್‌ನಲ್ಲಿ ಉಳಿದ ಒಂದು ಸಣ್ಣ ಬರ್ ಸಾಕು, ಲೆಕ್ಕವೆಲ್ಲ ಹಾಳಾಗುತ್ತದೆ.

ಅಳೆಯುವ ಮೊದಲೇ ಎಷ್ಟು ಬರಬೇಕು ಎಂದು ಲೆಕ್ಕ ಹಾಕಿಟ್ಟುಕೊಂಡೆ. ನಾಝಲ್‌ಗೆ ಗಾಳಿ ಕೊಡುವ ಚೇಂಬರ್‌ನಲ್ಲಿ ಒತ್ತಡ 6 ಬಾರ್, ಉಷ್ಣತೆ 300 ಕೆಲ್ವಿನ್ ಇರಲಿ. ಇದು ಅಬ್ಸಲ್ಯೂಟ್ ಒತ್ತಡ, ಗೇಜ್ ತೋರಿಸುವುದು 5 ಬಾರ್. ಗೇಜ್ ಓದಿದ್ದನ್ನೇ ಹಾಗೇ ಸೂತ್ರಕ್ಕೆ ಹಾಕಿದರೆ ಉತ್ತರ ಆರನೇ ಒಂದು ಪಾಲು ಕಡಿಮೆ ಬರುತ್ತದೆ.

ಥ್ರೋಟ್‌ನಲ್ಲಿ ಗಾಳಿ ಮ್ಯಾಕ್ 1ರಲ್ಲಿದ್ದರೆ ಅಲ್ಲಿನ ಒತ್ತಡ ಚೇಂಬರ್‌ನ 0.528 ಪಟ್ಟು, ಅಂದರೆ 3.17 ಬಾರ್. ಉಷ್ಣತೆ 250 ಕೆಲ್ವಿನ್‌ಗೆ ಇಳಿದಿರುತ್ತದೆ. ಆ ಉಷ್ಣತೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 317 ಮೀಟರ್, ಗಾಳಿಯ ಸಾಂದ್ರತೆ ಘನಮೀಟರಿಗೆ 4.42 ಕೆಜಿ. ಎರಡನ್ನೂ ಗುಣಿಸಿದರೆ ಚದರ ಮೀಟರಿಗೆ ಸೆಕೆಂಡಿಗೆ 1400 ಕೆಜಿ. 4 ಮಿಮೀ ತೂತಿನ ವಿಸ್ತೀರ್ಣ 12.57 ಚದರ ಮಿಮೀ. ಹಾಗಾಗಿ ಸೆಕೆಂಡಿಗೆ 17.6 ಗ್ರಾಂ. ಈ ಇಡೀ ಲೆಕ್ಕವನ್ನು ಗಾಳಿಗೆ ಒಂದೇ ಸಾಲಿನಲ್ಲಿ ಹೀಗೆ ಬರೆಯಬಹುದು:

```
m = 0.0404 * Cd * A * p0 / sqrt(T0)
```

A ಚದರ ಮೀಟರಿನಲ್ಲಿ, p0 ಪ್ಯಾಸ್ಕಲ್‌ನಲ್ಲಿ, T0 ಕೆಲ್ವಿನ್‌ನಲ್ಲಿ. Cd ಅಂದರೆ ನಿಜವಾಗಿ ಹೋದ ಗಾಳಿಗೂ ಲೆಕ್ಕದ ಗಾಳಿಗೂ ಇರುವ ಅನುಪಾತ. ಸೂತ್ರದಲ್ಲಿ ಬಾಯಿಯ ವ್ಯಾಸ ಇಲ್ಲ, ಹೊರಗಿನ ಒತ್ತಡವೂ ಇಲ್ಲ. ನನಗೆ ಪರೀಕ್ಷಿಸಿ ನೋಡಬೇಕಾಗಿದ್ದದ್ದು ಇದೇ.

1400 ಯಾಕೆ ಗರಿಷ್ಠ? ಅದೇ ಗಾಳಿ ಮ್ಯಾಕ್ 2ರಲ್ಲಿ ಹೋದರೆ ವೇಗ ಸೆಕೆಂಡಿಗೆ 518 ಮೀಟರ್ ಆಗುತ್ತದೆ. ಆದರೆ ಸಾಂದ್ರತೆ 1.6ಕ್ಕೆ ಕುಸಿದಿರುತ್ತದೆ, ಗುಣಲಬ್ಧ ಬರೀ 830. ಇತ್ತ ಮ್ಯಾಕ್ 0.37ರಲ್ಲಿ ವೇಗ 127 ಮೀಟರ್, ಸಾಂದ್ರತೆ 6.5, ಅಲ್ಲೂ ಗುಣಲಬ್ಧ ಅದೇ 830. ಅಂದರೆ 5.2 ಮಿಮೀ ಬಾಯಲ್ಲಿ ಅಷ್ಟೇ ಗಾಳಿ ನಿಧಾನವಾಗಿಯೂ ಹೋಗಬಹುದು, ಭಾರೀ ವೇಗದಲ್ಲೂ ಹೋಗಬಹುದು. ನಿಧಾನ ಇದ್ದಾಗ ವೇಗ ಏರಿದಷ್ಟು ಬೇಗ ಸಾಂದ್ರತೆ ಇಳಿಯುವುದಿಲ್ಲ. ಶಬ್ದದ ವೇಗ ದಾಟಿದ ಮೇಲೆ ಸಾಂದ್ರತೆಯೇ ಮುಂದೆ ಓಡಿ ಇಳಿಯುತ್ತದೆ. ಈ ಎರಡರ ನಡುವೆ, ಮ್ಯಾಕ್ 1ರಲ್ಲಿ, ಒಂದು ಚದರ ಮಿಲಿಮೀಟರಿನಲ್ಲಿ ಅತಿ ಹೆಚ್ಚು ಗಾಳಿ ಹೋಗುತ್ತದೆ. ಅತಿ ಕಿರಿದಾದ ಜಾಗ ಆ ಮಟ್ಟ ಮುಟ್ಟಿತೆಂದರೆ ಅದಕ್ಕಿಂತ ಜಾಸ್ತಿ ಕಳಿಸಲು ದಾರಿಯೇ ಇಲ್ಲ.

ಇನ್ನು ಅಳತೆ. ಒಳ್ಳೆಯ ಫ್ಲೋ ಮೀಟರ್ ಇಲ್ಲದಿದ್ದರೂ ಟ್ಯಾಂಕ್ ಇದ್ದರೆ ಸಾಕು. 500 ಲೀಟರ್ ಟ್ಯಾಂಕ್‌ಗೆ 10 ಬಾರ್ ತನಕ ಗಾಳಿ ತುಂಬಿ, ಕಂಪ್ರೆಸರ್ ನಿಲ್ಲಿಸಿ, ಟ್ಯಾಂಕ್ ಕೋಣೆಯ ಉಷ್ಣತೆಗೆ ಬರಲು ಬಿಟ್ಟೆ. ಆಮೇಲೆ ರೆಗ್ಯುಲೇಟರ್ ಮೂಲಕ ಚೇಂಬರ್‌ನಲ್ಲಿ 6 ಬಾರ್ ಹಿಡಿದು 30 ಸೆಕೆಂಡು ಹರಿಸಿ ಬಾಲ್ ವಾಲ್ವ್ ಮುಚ್ಚಿದೆ. ಮುಚ್ಚಿದ ತಕ್ಷಣ ಟ್ಯಾಂಕ್ ಗೇಜ್ ಓದಬಾರದು. ಗಾಳಿ ಹೊರಗೆ ಹೋಗುವಾಗ ಒಳಗೆ ಉಳಿದದ್ದು ಹಿಗ್ಗಿ ತಣ್ಣಗಾಗಿರುತ್ತದೆ. ತಣ್ಣಗಿನ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಹೋದದ್ದಕ್ಕಿಂತ ಜಾಸ್ತಿ ಹೋದ ಹಾಗೆ ಕಾಣುತ್ತದೆ. ಗೇಜ್ ಮುಳ್ಳು ನಿಧಾನವಾಗಿ ಮೇಲೇರುತ್ತಾ ಬರುವುದನ್ನು ಕಣ್ಣಾರೆ ನೋಡಬಹುದು. ಅದು ಪೂರ್ತಿ ನಿಂತ ಮೇಲೆ ಓದಿದಾಗ ಇಳಿಕೆ 0.88 ಬಾರ್. ಇದರಿಂದ ಹೊರಗೆ ಹೋದದ್ದು 0.51 ಕೆಜಿ, ಸೆಕೆಂಡಿಗೆ 17 ಗ್ರಾಂ, Cd 0.97. ತಕ್ಷಣ ಓದಿದ್ದರೆ ಇಳಿಕೆ 1.2 ಬಾರ್ ಹತ್ತಿರ ಕಾಣುತ್ತದೆ, Cd 1ಕ್ಕಿಂತ ಮೇಲೆ ಹೋಗುತ್ತದೆ. ಅದು ಆಗದ ಮಾತು. Cd 1 ದಾಟಿದರೆ ನಾಝಲ್ ಮೇಲೆ ಅನುಮಾನ ಬೇಡ, ಅಳತೆಯನ್ನೇ ಮತ್ತೆ ನೋಡಬೇಕು.

ಚೇಂಬರ್‌ನಲ್ಲಿ ಒಂದು ಥರ್ಮೋಕಪಲ್ ಕೂಡ ಇಟ್ಟಿದ್ದೆ. ಟ್ಯಾಂಕ್ ತಣ್ಣಗಾದಂತೆ T0 ಸ್ವಲ್ಪ ಇಳಿಯುತ್ತದೆ. ಆದರೆ ಅದು ವರ್ಗಮೂಲದೊಳಗೆ ಇರುವುದರಿಂದ 5 ಡಿಗ್ರಿ ಇಳಿದರೂ ವ್ಯತ್ಯಾಸ 1%ಗಿಂತ ಕಡಿಮೆ. ಸರಾಸರಿ ತೆಗೆದುಕೊಂಡರೆ ಸಾಕು.

ಈಗ 7 ಮಿಮೀ ಬಾಯಿಯ ನಾಝಲ್. ವಾಲ್ವ್ ತೆರೆದ ಕೂಡಲೇ ಸದ್ದೇ ಬೇರೆ, ಒರಟಾಗಿ ಹರಿದ ಹಾಗೆ. ಇಷ್ಟು ಅಗಲಕ್ಕೆ ಗಾಳಿ ಪೂರ್ತಿ ಹಿಗ್ಗಿದರೆ ಬಾಯಲ್ಲಿ ಒತ್ತಡ 0.3 ಬಾರ್‌ಗಿಂತ ಕೆಳಗೆ ಹೋಗಬೇಕು. ಹೊರಗೆ 1 ಬಾರ್ ಇದೆ, ಅದು ಒಳಕ್ಕೆ ಒತ್ತುತ್ತದೆ. ಹರಿವು ಬಾಯಿಗೆ ಬರುವ ಮೊದಲೇ ಗೋಡೆ ಬಿಟ್ಟು ಕಿತ್ತುಕೊಳ್ಳುತ್ತದೆ. ಥ್ರಸ್ಟ್ ಬೇಕಾದವರಿಗೆ ಇದು ಕೆಟ್ಟ ನಾಝಲ್. ಆದರೆ ಮಾಸ್ ಫ್ಲೋ? ಮುಳ್ಳು ನಿಂತ ಮೇಲೆ ನೋಡಿದರೆ ಇಳಿಕೆ ಅದೇ 0.88 ಬಾರ್. ಕೆಳಗಡೆ ಇಷ್ಟೆಲ್ಲ ಗದ್ದಲ ಆಗುತ್ತಿದ್ದರೂ ಥ್ರೋಟ್‌ಗೆ ಅದರ ಸುದ್ದಿ ತಲುಪುವುದಿಲ್ಲ. ಒತ್ತಡದ ಸುದ್ದಿ ಗಾಳಿಯಲ್ಲಿ ಶಬ್ದದ ವೇಗದಲ್ಲೇ ಹೋಗಬೇಕು. ಎದುರಿಂದ ಗಾಳಿ ಅದಕ್ಕಿಂತ ಜೋರಾಗಿ ಬರುತ್ತಿದ್ದರೆ ಅದು ಮೇಲೆ ಹತ್ತುವುದು ಹೇಗೆ, ಅಲ್ವಾ?

5 ಮಿಮೀ ಥ್ರೋಟ್ ಹಾಕಿದಾಗ ಸೆಕೆಂಡಿಗೆ 26.6 ಗ್ರಾಂ ಬಂತು. 17ರ 1.56 ಪಟ್ಟು, ವಿಸ್ತೀರ್ಣ ಏರಿದ್ದೂ ಅಷ್ಟೇ ಪಟ್ಟು. ಬಾಯಿ ಮೊದಲನೆಯದರಷ್ಟೇ ಇತ್ತು.

ನನಗೆ ತುಂಬಾ ಇಷ್ಟವಾದದ್ದು ಒತ್ತಡ ಇಳಿಸುತ್ತಾ ಹೋದ ಪರೀಕ್ಷೆ. ಚೋಕ್ ಆಗಲು ಚೇಂಬರ್ ಒತ್ತಡ ಹೊರಗಿನದರ 1.9 ಪಟ್ಟು ಇರಬೇಕು ಎಂದು ಎಷ್ಟೋ ಜನ ನೆನಪಿಟ್ಟುಕೊಂಡಿರುತ್ತಾರೆ. ಥ್ರೋಟ್‌ನಲ್ಲೇ ಕತ್ತರಿಸಿದ ನಾಝಲ್‌ಗೆ ಅದು ಸರಿ. ಚೇಂಬರ್ 1.5 ಬಾರ್‌ಗೆ ಬಂದಾಗ ಅದರ ಹರಿವು ಚೋಕ್ ಲೆಕ್ಕಕ್ಕಿಂತ 4%ನಷ್ಟು ಕಡಿಮೆಯಾಯಿತು. 1.3 ಬಾರ್‌ನಲ್ಲಿ 14% ಕಡಿಮೆ. ಆದರೆ ಅಗಲವಾಗುವ ಭಾಗ ಇರುವ 5.2 ಮಿಮೀ ನಾಝಲ್ 1.3 ಬಾರ್‌ನಲ್ಲೂ ಚೋಕ್ ಆಗಿಯೇ ಇತ್ತು, ಹರಿವು ಚೇಂಬರ್ ಒತ್ತಡಕ್ಕೆ ನೇರ ಅನುಪಾತದಲ್ಲೇ ಬರುತ್ತಿತ್ತು.

ಕಾರಣ ಹೀಗಿದೆ. 0.528 ಎನ್ನುವುದು ಥ್ರೋಟ್‌ನಲ್ಲಿ ಇರಬೇಕಾದ ಒತ್ತಡದ ಮಾತು, ಹೊರಗಿನ ಒತ್ತಡದ ಮಾತಲ್ಲ. ಥ್ರೋಟ್ ದಾಟಿದ ಮೇಲೆ ಒಂದು ಶಾಕ್, ಅಂದರೆ ಒತ್ತಡ ಹಠಾತ್ತನೆ ಏರುವ ತೆಳು ಪದರ, ಬಂದು ಗಾಳಿ ನಿಧಾನವಾಗುತ್ತದೆ. ಆಮೇಲೆ ಅಗಲವಾಗುವ ದಾರಿಯಲ್ಲಿ ಒತ್ತಡ ಮತ್ತೆ ಏರಿಕೊಂಡು ಹೊರಗಿನ 1 ಬಾರ್ ಮುಟ್ಟುತ್ತದೆ. ನಷ್ಟವೇ ಇಲ್ಲ ಎಂದುಕೊಂಡರೆ ಈ ನಾಝಲ್ 1.1 ಬಾರ್‌ನಲ್ಲೇ ಚೋಕ್ ಆಗಬೇಕು. ಗೋಡೆಯ ಘರ್ಷಣೆಯಿಂದ, ಹರಿವು ಕಿತ್ತುಕೊಳ್ಳುವುದರಿಂದ ನಿಜದಲ್ಲಿ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಓರೆ ತುಂಬಾ ಜಾಸ್ತಿ ಕೊಟ್ಟರೆ ಈ ಲಾಭ ಬೇಗ ಕರಗುತ್ತದೆ. ಹರಿವು ಅಳೆಯುವ ನಾಝಲ್‌ಗಳಿಗೆ ಉದ್ದನೆಯ ಬಾಲ ಇಡುವುದು ಇದಕ್ಕೇ. ಅಲ್ಲಿ ಯಾರಿಗೂ ಮ್ಯಾಕ್ 2 ಬೇಕಾಗಿಲ್ಲ, ಒತ್ತಡ ಪೋಲಾಗದೆ ಚೋಕ್ ಉಳಿದರೆ ಸಾಕು.

ಒಂದು ಎಚ್ಚರಿಕೆ. ದಾರಿಯಲ್ಲಿ ಥ್ರೋಟ್‌ಗಿಂತ ಇಕ್ಕಟ್ಟಾದ ಜಾಗ ಬೇರೆಲ್ಲೋ ಇದ್ದರೆ ಅಲ್ಲೇ ಚೋಕ್ ಆಗುತ್ತದೆ. ಕ್ವಿಕ್ ಕಪ್ಲಿಂಗ್‌ಗಳ ಒಳತೂತು ಹೊರಗಿನ ಗಾತ್ರ ನೋಡಿದರೆ ಅನ್ನಿಸುವುದಕ್ಕಿಂತ ಬಹಳ ಚಿಕ್ಕದಿರುತ್ತದೆ. ಹಾಗಾಗಿ p0 ಅನ್ನು ರೆಗ್ಯುಲೇಟರ್ ಹತ್ತಿರ ಓದಬೇಡಿ, ನಾಝಲ್‌ಗೆ ಅಂಟಿದ ಚೇಂಬರ್‌ನಲ್ಲೇ ಓದಿ. ನನ್ನ ಚೇಂಬರ್ ಒಳವ್ಯಾಸ 25 ಮಿಮೀ, ಅಲ್ಲಿ ಗಾಳಿ ಹೆಚ್ಚುಕಮ್ಮಿ ನಿಂತ ಹಾಗೇ ಇರುತ್ತದೆ. ಎರಡೂ ಕಡೆ ಗೇಜ್ ಇಟ್ಟು, ಹರಿವು ಶುರುವಾದಾಗ ಅವೆರಡರ ನಡುವೆ ದೊಡ್ಡ ಅಂತರ ಬಂದರೆ ಇಕ್ಕಟ್ಟು ನಡುವೆ ಎಲ್ಲೋ ಇದೆ ಎಂದೇ ಅರ್ಥ.

ಈಗ ನನಗೆ ನಿಗದಿತ ಹರಿವು ಬೇಕಾದರೆ ಹೀಗೆ ಮಾಡುತ್ತೇನೆ. ಸೆಕೆಂಡಿಗೆ 10 ಗ್ರಾಂ ಬೇಕು ಎಂದುಕೊಳ್ಳಿ. 6 ಬಾರ್‌ನಲ್ಲಿ ಅದಕ್ಕೆ 3.06 ಮಿಮೀ ಥ್ರೋಟ್ ಬೇಕಾಗುತ್ತದೆ. ಆ ಅಳತೆಯ ರೀಮರ್ ಹುಡುಕುತ್ತಾ ಕೂರುವುದಿಲ್ಲ. 3 ಮಿಮೀ ರೀಮರ್ ಹಾಕಿ, ಚೇಂಬರ್ ಒತ್ತಡವನ್ನು 6.26 ಬಾರ್‌ಗೆ ಏರಿಸುತ್ತೇನೆ.