ಎಂಟು ಊರು, ಆರು ಅಂಕಿ: ಮರಗಳನ್ನು ಎಣಿಸುವ ಒಂದು ದಾರಿ

ಕಲಬುರಗಿಯ ಪದವಿ ಕಾಲೇಜಿನಲ್ಲಿ ನಾನು ಗ್ರಾಫ್ ಸಿದ್ಧಾಂತ ಪಾಠ ಮಾಡುತ್ತೇನೆ. ಅದರಲ್ಲಿ ಕೇಲಿಯ ಸೂತ್ರ ಬರುತ್ತದೆ: n ಶೃಂಗಗಳಿಗೆ 1ರಿಂದ nವರೆಗೆ ಸಂಖ್ಯೆ ಕೊಟ್ಟರೆ, ಅವುಗಳ ಮೇಲೆ ಎಳೆಯಬಹುದಾದ ಮರಗಳ ಒಟ್ಟು ಸಂಖ್ಯೆ n^(n-2). ಮರವೆಂದರೆ ಎಲ್ಲ ಶೃಂಗಗಳನ್ನೂ ಜೋಡಿಸುವ, ಎಲ್ಲಿಯೂ ಸುತ್ತು ಹಾಕಿ ಹೊರಟಲ್ಲಿಗೇ ಬರಲಾಗದ ಆಕೃತಿ. ಕೇಲಿ ಇದನ್ನು 1889ರಲ್ಲಿ ಬರೆದರು. ಅದಕ್ಕೂ ಮೊದಲೇ, 1860ರಲ್ಲಿ, ಬೋರ್ಚಾರ್ಟ್ ಈ ಫಲಿತಾಂಶವನ್ನು ಕಂಡುಕೊಂಡಿದ್ದರು. ಸಾಧನೆಗಳು ಹಲವಾರಿವೆ. ನಾನು ತರಗತಿಗೆ ಒಯ್ಯುವುದು 1918ರಲ್ಲಿ ಹೈನ್ಸ್ ಪ್ರೂಫರ್ ಕೊಟ್ಟದ್ದನ್ನು, ಏಕೆಂದರೆ ಅದನ್ನು ಕೈಯಿಂದ ಮಾಡಿ ನೋಡಬಹುದು. ಊರುಗಳನ್ನು ಅತಿ ಕಡಿಮೆ ಹಳಿಗಳಿಂದ ಜೋಡಿಸುವ ರೈಲು ಜಾಲವೆಂದೇ ಪ್ರೂಫರ್ ಈ ಪ್ರಶ್ನೆಯನ್ನು ಮುಂದಿಟ್ಟಿದ್ದರು. ಹಾಗಾಗಿ ನಾನೂ ನಮ್ಮ ಜಿಲ್ಲೆಯ ಊರುಗಳನ್ನೇ ತೆಗೆದುಕೊಂಡೆ.

ಕಲಬುರಗಿ 1, ಆಳಂದ 2, ಅಫಜಲಪುರ 3, ಜೇವರ್ಗಿ 4, ಚಿತ್ತಾಪುರ 5, ಸೇಡಂ 6, ಚಿಂಚೋಳಿ 7, ಶಹಾಬಾದ 8. ಆಳಂದ, ಅಫಜಲಪುರ, ಜೇವರ್ಗಿ ಮತ್ತು ಶಹಾಬಾದ ಈ ನಾಲ್ಕೂ ಕಲಬುರಗಿಗೆ ಸೇರುತ್ತವೆ. ಶಹಾಬಾದದಿಂದ ಚಿತ್ತಾಪುರಕ್ಕೆ, ಅಲ್ಲಿಂದ ಸೇಡಂಗೆ, ಸೇಡಂನಿಂದ ಚಿಂಚೋಳಿಗೆ ಒಂದೊಂದು ಗೆರೆ. ಒಟ್ಟು ಏಳು ಗೆರೆಗಳು. ಇವು ರಸ್ತೆ ನಕ್ಷೆಯಲ್ಲ, ಲೆಕ್ಕಕ್ಕಾಗಿ ನಾನು ಆರಿಸಿಕೊಂಡ ಒಂದು ಮರ.

ನಿಯಮ ಹೀಗಿದೆ. ಒಂದೇ ಗೆರೆಯಿರುವ ಶೃಂಗವನ್ನು ಎಲೆ ಎನ್ನುತ್ತೇವೆ. ಇರುವ ಎಲೆಗಳಲ್ಲಿ ಅತಿ ಚಿಕ್ಕ ಸಂಖ್ಯೆಯದನ್ನು ಕಿತ್ತುಹಾಕಬೇಕು. ಆದರೆ ಬರೆದಿಡಬೇಕಾದದ್ದು ಕಿತ್ತ ಎಲೆಯ ಸಂಖ್ಯೆಯನ್ನಲ್ಲ, ಅದು ಅಂಟಿಕೊಂಡಿದ್ದ ಪಕ್ಕದ ಶೃಂಗದ ಸಂಖ್ಯೆಯನ್ನು. ಎರಡೇ ಶೃಂಗಗಳು ಉಳಿದಾಗ ನಿಲ್ಲಿಸಬೇಕು.

ನಮ್ಮ ಮರದಲ್ಲಿ 2, 3, 4, 7 ಎಲೆಗಳು. 2ನ್ನು ಕಿತ್ತು 1 ಬರೆಯುತ್ತೇವೆ. 3ನ್ನು ಕಿತ್ತು ಮತ್ತೆ 1, 4ನ್ನು ಕಿತ್ತು ಮತ್ತೆ 1. ಈಗ ಕಲಬುರಗಿಗೆ ಉಳಿದಿರುವುದು ಶಹಾಬಾದದ ಗೆರೆಯೊಂದೇ, ಅಂದರೆ 1 ತಾನೇ ಎಲೆಯಾಗಿದೆ. 7ಕ್ಕಿಂತ 1 ಚಿಕ್ಕದು. ಆದ್ದರಿಂದ 1ನ್ನು ಕಿತ್ತು 8 ಬರೆಯುತ್ತೇವೆ. ಆಮೇಲೆ 7ನ್ನು ಕಿತ್ತು 6, 6ನ್ನು ಕಿತ್ತು 5. ಉಳಿದವು 5 ಮತ್ತು 8. ಸರಣಿ 1, 1, 1, 8, 6, 5. ಎಂಟು ಊರುಗಳ ಮರ ಆರು ಅಂಕಿಗಳಲ್ಲಿ ಅಡಗಿತು.

ನಾಲ್ಕನೆಯ ಹೆಜ್ಜೆಯಲ್ಲಿ ವಿದ್ಯಾರ್ಥಿಗಳು ಎಡವುವುದನ್ನು ಪ್ರತಿ ವರ್ಷ ನೋಡುತ್ತೇನೆ. ಎಲೆಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡು 2, 3, 4 ಆದ ಮೇಲೆ ನೇರವಾಗಿ 7ಕ್ಕೆ ಹೋಗುತ್ತಾರೆ. ಹೊಸದಾಗಿ ಎಲೆಯಾದ 1ನ್ನು ಗಮನಿಸುವುದಿಲ್ಲ. ಆಗ ಸಿಗುವ ಸರಣಿ 1, 1, 1, 6, 8, 5. ಇದನ್ನು ಹಿಡಿಯುವುದು ಸುಲಭವಲ್ಲ. ಏಕೆಂದರೆ ನಾನು ಹೇಳಿಕೊಡುವ ಮೊದಲ ಪರೀಕ್ಷೆಯಲ್ಲಿ ಇದು ಪಾಸಾಗುತ್ತದೆ. ಒಂದು ಶೃಂಗಕ್ಕೆ ಎಷ್ಟು ಗೆರೆಗಳಿವೆಯೋ ಅದಕ್ಕಿಂತ ಒಂದು ಕಡಿಮೆ ಬಾರಿ ಅದರ ಸಂಖ್ಯೆ ಸರಣಿಯಲ್ಲಿ ಬರಬೇಕು ಎಂಬುದೇ ಆ ಪರೀಕ್ಷೆ. ಕಲಬುರಗಿಗೆ ನಾಲ್ಕು ಗೆರೆಗಳಿವೆ, 1 ಮೂರು ಬಾರಿ ಬಂದಿದೆ. ಶಹಾಬಾದಕ್ಕೆ ಎರಡು, 8 ಒಮ್ಮೆ ಬಂದಿದೆ. ತಪ್ಪು ಸರಣಿಯಲ್ಲೂ ಇದೆಲ್ಲ ಸರಿಯಾಗಿಯೇ ಇದೆ. ಪಕ್ಕದ ಶೃಂಗದ ಬದಲು ಎಲೆಯ ಸಂಖ್ಯೆಯನ್ನೇ ಬರೆಯುವ ತಪ್ಪನ್ನು ಈ ಪರೀಕ್ಷೆ ತಕ್ಷಣ ಹಿಡಿಯುತ್ತದೆ. ಕ್ರಮ ತಪ್ಪಿದ್ದನ್ನು ಹಿಡಿಯಬೇಕಾದರೆ ಸರಣಿಯಿಂದ ಮರವನ್ನು ಮರಳಿ ಕಟ್ಟಲೇಬೇಕು.

ಮರಳಿ ಕಟ್ಟುವಾಗ ಒಂದು ಕಡೆ ಸರಣಿ, ಇನ್ನೊಂದು ಕಡೆ 1ರಿಂದ 8ರವರೆಗಿನ ಪಟ್ಟಿ ಇಟ್ಟುಕೊಳ್ಳುತ್ತೇವೆ. ಪಟ್ಟಿಯಲ್ಲಿದ್ದು ಸರಣಿಯಲ್ಲಿಲ್ಲದ ಅತಿ ಚಿಕ್ಕ ಸಂಖ್ಯೆಯನ್ನು ಸರಣಿಯ ಮೊದಲ ಅಂಕಿಗೆ ಜೋಡಿಸಿ, ಎರಡನ್ನೂ ಆಯಾ ಕಡೆ ಹೊಡೆದುಹಾಕಬೇಕು. 1, 1, 1, 8, 6, 5ರಲ್ಲಿ ಇಲ್ಲದ ಅತಿ ಚಿಕ್ಕದು 2, ಹಾಗಾಗಿ 2–1. ನಂತರ 3–1, 4–1. ಉಳಿದ ಸರಣಿ 8, 6, 5. ಅದರಲ್ಲಿ 1 ಇಲ್ಲ, ಆದ್ದರಿಂದ 1–8. ಮುಂದೆ 7–6, 6–5. ಪಟ್ಟಿಯಲ್ಲಿ ಉಳಿದ 5 ಮತ್ತು 8ನ್ನು ಕೊನೆಗೆ ಜೋಡಿಸಿದರೆ ಮೊದಲಿನ ಮರವೇ ಬಂತು. ಇದನ್ನೇ 1, 1, 1, 6, 8, 5ಕ್ಕೆ ಮಾಡಿದರೆ 2–1, 3–1, 4–1 ಆದ ಮೇಲೆ 1–6, 6–8, 7–5, 5–8 ಬರುತ್ತವೆ. ಕಲಬುರಗಿ ನೇರವಾಗಿ ಸೇಡಂಗೆ ಸೇರಿ, ಚಿಂಚೋಳಿ ಚಿತ್ತಾಪುರಕ್ಕೆ ನೇತುಬಿದ್ದಿರುತ್ತದೆ. ಇದೂ ಮರವೇ, ಆದರೆ ನಮ್ಮದಲ್ಲ.

“ಹಾಗಾದರೆ ಯಾವ ಸರಣಿ ಬರೆದರೂ ಒಂದು ಮರ ಬಂದೇ ಬರುತ್ತದೆಯೇ ಸರ್?” ಎಂದು ಒಬ್ಬ ಹುಡುಗಿ ಕೇಳಿದಳು. ಇಡೀ ಸಾಧನೆ ನಿಂತಿರುವುದು ಆ ಪ್ರಶ್ನೆಯ ಮೇಲೆಯೇ. ಬರುತ್ತದೆ. ಸರಣಿ ಪಟ್ಟಿಗಿಂತ ಯಾವಾಗಲೂ ಎರಡು ಅಂಕಿ ಚಿಕ್ಕದು, ಆದ್ದರಿಂದ ಸರಣಿಯಲ್ಲಿಲ್ಲದ ಸಂಖ್ಯೆ ಪಟ್ಟಿಯಲ್ಲಿ ಯಾವ ಹೆಜ್ಜೆಯಲ್ಲೂ ಸಿಕ್ಕೇ ಸಿಗುತ್ತದೆ. ಹೊಡೆದುಹಾಕಿದ ಸಂಖ್ಯೆ ಉಳಿದ ಸರಣಿಯಲ್ಲಿ ಇರುವುದಿಲ್ಲ. ಹೀಗಾಗಿ ಅದು ಪ್ರತಿ ಸಲ ಇನ್ನೂ ಪಟ್ಟಿಯಲ್ಲಿರುವ ಶೃಂಗಕ್ಕೇ ಸೇರುತ್ತದೆ, ಹಿಂದೆ ಹೋದ ಶೃಂಗಕ್ಕೆ ಅಲ್ಲ. ಸುತ್ತು ಉಂಟಾಗುವ ಸಾಧ್ಯತೆಯೇ ಇಲ್ಲ. ಎರಡು ಮರಗಳಿಗೆ ಒಂದೇ ಸರಣಿ ಬರಲಾರದು ಎಂಬುದಕ್ಕೂ ಕಾರಣ ಇಲ್ಲೇ ಇದೆ. ಉಳಿದ ಸರಣಿಯಲ್ಲಿ ಕಾಣದ ಸಂಖ್ಯೆಗಳೇ ಆ ಕ್ಷಣದ ಎಲೆಗಳು, ಅವುಗಳಲ್ಲಿ ಚಿಕ್ಕದನ್ನೇ ಎರಡೂ ದಿಕ್ಕಿನಲ್ಲಿ ಆರಿಸುತ್ತೇವೆ. ಕಿತ್ತವರು ಯಾವ ಎಲೆಯನ್ನು ಕಿತ್ತರೋ ಕಟ್ಟುವವರೂ ಅದನ್ನೇ ಹಿಡಿಯುತ್ತಾರೆ.

ಇಷ್ಟಾದ ಮೇಲೆ ಎಣಿಕೆಗೆ ಶ್ರಮವೇ ಇಲ್ಲ. ಆರು ಸ್ಥಾನಗಳು, ಪ್ರತಿ ಸ್ಥಾನಕ್ಕೂ ಎಂಟು ಆಯ್ಕೆಗಳು: 8^6 = 2,62,144 ಮರಗಳು. ನಂಬಿಕೆ ಬರಲಿ ಎಂದು ಐದು ಶೃಂಗಗಳಿಗೆ ಆಕಾರದ ಪ್ರಕಾರವೂ ಎಣಿಸಲು ಹೇಳುತ್ತೇನೆ. ಮೂರು ಅಂಕಿಗಳೂ ಒಂದೇ ಆದರೆ ನಡುವೆ ಒಂದು ಶೃಂಗ, ಸುತ್ತ ನಾಲ್ಕು: ಅಂಥವು 5. ಮೂರೂ ಬೇರೆಯಾದರೆ ಕವಲಿಲ್ಲದ ಸರಪಳಿ: 60. ಒಂದು ಅಂಕಿ ಎರಡು ಸಲ ಬಂದರೆ ಒಂದೇ ಕಡೆ ಕವಲು: ಅವೂ 60. ಒಟ್ಟು 125, ಅಂದರೆ 5^3.

ಸೂತ್ರಕ್ಕಿಂತ ಸರಣಿಯೇ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ, ಏಕೆಂದರೆ ಸೂತ್ರ ಹೇಳದ್ದನ್ನೂ ಅದು ಹೇಳುತ್ತದೆ. ಕಲಬುರಗಿಗೆ ಸರಿಯಾಗಿ ನಾಲ್ಕು ಗೆರೆಗಳಿರುವ ಮರಗಳೆಷ್ಟು? ಸರಣಿಯಲ್ಲಿ 1 ಮೂರು ಬಾರಿ ಬರಬೇಕು. ಆ ಸ್ಥಾನಗಳನ್ನು ಆರಿಸಲು 20 ಬಗೆ, ಉಳಿದ ಮೂರು ಸ್ಥಾನಗಳಿಗೆ 7^3 = 343. ಗುಣಿಸಿದರೆ 6,860. ಕಲಬುರಗಿ ಬರೀ ಎಲೆಯಾಗಿರುವ ಮರಗಳು 7^6 = 1,17,649, ಒಟ್ಟು ಮರಗಳ ಅರ್ಧಕ್ಕಿಂತ ಸ್ವಲ್ಪ ಕಡಿಮೆ.

ಆದರೆ ಯಾವ ಎರಡು ಊರುಗಳನ್ನಾದರೂ ಜೋಡಿಸಬಹುದು ಎಂಬ ಸ್ವಾತಂತ್ರ್ಯ ಇರುವವರೆಗೆ ಮಾತ್ರ ಇದು ನಡೆಯುತ್ತದೆ. ಆಳಂದಕ್ಕೂ ಸೇಡಂಗೂ ನಡುವೆ ಗೆರೆ ಬೇಡ ಎಂದರೆ ಆ ನಿರ್ಬಂಧವನ್ನು ಸರಣಿಯ ಅಂಕಿಗಳ ಮೇಲೆ ನೇರವಾಗಿ ಹೇರಲು ಬರುವುದಿಲ್ಲ. ಒಂದೇ ಗೆರೆಯಾದರೆ ಉಪಾಯವಿದೆ. ಎಂಟು ಊರುಗಳ ನಡುವೆ ಎಳೆಯಬಹುದಾದ ಗೆರೆಗಳು 28, ಪ್ರತಿ ಮರದಲ್ಲಿ ಇರುವುದು 7. ಎಲ್ಲ ಗೆರೆಗಳೂ ಸಮಾನವಾದ್ದರಿಂದ ಯಾವುದೇ ಒಂದು ಗೆರೆ ಕಾಲು ಭಾಗ ಮರಗಳಲ್ಲಿ ಇರುತ್ತದೆ. ಅವನ್ನು ಕಳೆದರೆ ಉಳಿಯುವುದು 1,96,608. ಗೆರೆಗಳನ್ನು ಬೇಕಾಬಿಟ್ಟಿಯಾಗಿ ಅಳಿಸುತ್ತ ಹೋದರೆ ಈ ಸಮಾನತೆಯೂ ಕೈಬಿಡುತ್ತದೆ. ಅಂಥ ಲೆಕ್ಕ ಬಂದಾಗ ನಾನು ಸರಣಿಯನ್ನು ಬದಿಗಿಟ್ಟು, ಕಿರ್ಚಾಫ್ ಪ್ರಮೇಯದಂತೆ ಮಾತೃಕೆ ಬರೆದು ನಿರ್ಧಾರಕವನ್ನು ಬಿಡಿಸುತ್ತೇನೆ.