4000 ಹರ್ಟ್ಜ್‌ನ ಗುಂಡಿ: ಆಡಿಯೋಗ್ರಾಮ್ ನಾನು ಓದುವ ರೀತಿ

ಮಗ್ಗದ ಶೆಡ್‌ನಲ್ಲಿ ವರ್ಷಗಟ್ಟಲೆ ದುಡಿದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಕೇಳಿಸುತ್ತೆ ಮೇಡಂ, ಆದರೆ ಏನಂದರು ಅಂತ ತಿಳಿಯಲ್ಲ. ರಾತ್ರಿ ಮಲಗಿದರೆ ಕಿವಿ ಗುಂಯ್ ಅನ್ನುತ್ತೆ." ಈ ಎರಡು ದೂರುಗಳ ಮೂಲವೂ ಹೆಚ್ಚಾಗಿ ಒಂದೇ ಜಾಗದಲ್ಲಿರುತ್ತದೆ. ಆ ಜಾಗವನ್ನು ಹುಡುಕುವ ಕ್ರಮ ಹೀಗಿದೆ.

ಪರೀಕ್ಷೆಗೆ ಮುಂಚಿನ 14ರಿಂದ 16 ಗಂಟೆ ಗದ್ದಲದಿಂದ ದೂರವಿರಲು ಹೇಳುತ್ತೇನೆ. ಪಾಳಿ ಮುಗಿಸಿ ನೇರ ಬಂದರೆ ಕಿವಿ ತಾತ್ಕಾಲಿಕವಾಗಿ ಮಂದವಾಗಿರುತ್ತದೆ, ದಾಖಲಾಗುವ ನಷ್ಟ ನಿಜಕ್ಕಿಂತ ಹೆಚ್ಚಿರುತ್ತದೆ. ಆಮೇಲೆ ಕಿವಿಯೊಳಗೆ ಇಣುಕಿ ಗುಗ್ಗೆ ಅಡ್ಡ ಇದೆಯೇ ಎಂದು ನೋಡುತ್ತೇನೆ. ಶುರು ಮಾಡುವುದು 1000 ಹರ್ಟ್ಜ್‌ನಿಂದ. ಸದ್ದು ಕೇಳಿಸಿತು ಎಂದರೆ 10 ಡೆಸಿಬೆಲ್ ಇಳಿಸುತ್ತೇನೆ, ಕೇಳಿಸದಿದ್ದರೆ 5 ಏರಿಸುತ್ತೇನೆ. ಏರುತ್ತಾ ಹೋಗುವಾಗ ಮೂರರಲ್ಲಿ ಎರಡು ಸಲವಾದರೂ ಕೇಳಿಸಿದ ಅತಿ ಕಡಿಮೆ ಮಟ್ಟವೇ ಆ ಸ್ವರದ ಮಿತಿ. ಈ ಮಿತಿಗಳನ್ನು ಸೇರಿಸಿ ಎಳೆದ ಗೆರೆಯ ನಕ್ಷೆಯೇ ಆಡಿಯೋಗ್ರಾಮ್. ಮಿತಿಯ ಅಂಕಿ ಹೆಚ್ಚಿದಷ್ಟೂ ಗೆರೆ ಕೆಳಗಿಳಿಯುತ್ತದೆ, ಒಂದು ಕಡೆ ಕುಸಿದು ಮೇಲೆದ್ದರೆ ಅದೇ ಗುಂಡಿ. 3000 ಮತ್ತು 6000 ಹರ್ಟ್ಜ್ ಬಿಡಬಾರದು. ಅವಸರದಲ್ಲಿ ಅವನ್ನು ಬಿಟ್ಟ ವರದಿಯಲ್ಲಿ ಗುಂಡಿಯ ಆಕಾರವೇ ಕಾಣುವುದಿಲ್ಲ.

ಇಂಥವರ ಒಂದು ಮಾದರಿ ಫಲಿತಾಂಶ: 1000 ಹರ್ಟ್ಜ್‌ವರೆಗೆ 15 ಡೆಸಿಬೆಲ್, 2000ದಲ್ಲಿ 25, 3000ದಲ್ಲಿ 45, 4000ದಲ್ಲಿ 60, 6000ದಲ್ಲಿ 50, 8000ದಲ್ಲಿ ಮತ್ತೆ 35. ಎರಡೂ ಕಿವಿ ಹೆಚ್ಚುಕಡಿಮೆ ಸಮ. ಕಿವಿಯ ಹಿಂದಿನ ಎಲುಬಿಗೆ ಕಂಪಕ ಇಟ್ಟರೂ 4000ದವರೆಗೆ ಇದೇ ಅಂಕಿಗಳು. ಅಂದರೆ ಕಿವಿತಮಟೆಯಲ್ಲಾಗಲಿ ಅದರ ಹಿಂದಿನ ಮೂಳೆಗಳಲ್ಲಾಗಲಿ ದೋಷವಿಲ್ಲ, ಪೆಟ್ಟು ಬಿದ್ದಿರುವುದು ಒಳಕಿವಿಯಲ್ಲಿ. ವಯಸ್ಸಿನ ಕಿವುಡಾಗಿದ್ದರೆ ಗೆರೆ 8000ದವರೆಗೂ ಇಳಿಯುತ್ತಲೇ ಹೋಗುತ್ತಿತ್ತು. ಇಲ್ಲಿ ಅದು 4000ದಲ್ಲಿ ಕುಸಿದು ಮೇಲೆದ್ದಿದೆ. ಗದ್ದಲದ ಗುರುತು ಅದೇ.

4000ದಲ್ಲೇ ಏಕೆ? ಒಳಕಿವಿಯ ಕಾಕ್ಲಿಯಾ ಎಂಬ ಶಂಖದಾಕಾರದ ನಳಿಕೆಯನ್ನು ಬಿಚ್ಚಿ ಚಾಚಿದರೆ ಸುಮಾರು 35 ಮಿಲಿಮೀಟರ್. ಅದರ ಉದ್ದಕ್ಕೂ ಹಾಸಿರುವ ಪೊರೆ ಬುಡದಲ್ಲಿ ಕಿರಿದು, ಬಿಗಿ. ತುದಿಗೆ ಹೋದಂತೆ ಅಗಲ, ಸಡಿಲ. ಹಾಗಾಗಿ ಕೀಚು ಸ್ವರಕ್ಕೆ ಬುಡ ಕಂಪಿಸುತ್ತದೆ, ಗಡಸು ಸ್ವರಕ್ಕೆ ತುದಿ. 4000 ಹರ್ಟ್ಜ್‌ನ ಸ್ಥಾನ ಬುಡದಿಂದ ಮೂರನೇ ಒಂದು ಭಾಗದಷ್ಟು ಒಳಗಿದೆ. ನಮ್ಮ ಕಿವಿಯ ಹಾದಿ, ಅದರ ಉದ್ದದ ಕಾರಣದಿಂದ, 3000 ಹರ್ಟ್ಜ್ ಸುತ್ತಲಿನ ಸದ್ದನ್ನು ತಾನೇ ಹಿಗ್ಗಿಸಿ ಒಳಗೆ ಕಳಿಸುತ್ತದೆ. ಹಾನಿ ಕಾಣಿಸುವುದು ಪೆಟ್ಟು ಕೊಟ್ಟ ಸ್ವರಕ್ಕಿಂತ ಅರ್ಧ ಸ್ಥಾಯಿ ಮೇಲೆ. ಗುಂಡಿ 4000ದಲ್ಲಿ ಬೀಳುವುದು ಹೀಗೆ.

ಆ ಪೊರೆಯ ಮೇಲೆ ಒಂದು ಸಾಲು ಒಳ ರೋಮಕೋಶಗಳು, ಮೂರು ಸಾಲು ಹೊರ ರೋಮಕೋಶಗಳು. ಕಂಪನಕ್ಕೆ ಕೋಶದ ತುದಿಯ ರೋಮಗಳು ವಾಲುತ್ತವೆ, ಅವುಗಳ ನಡುವಿನ ಎಳೆಗಳು ಬಿಗಿದು ಸೂಕ್ಷ್ಮ ಬಾಗಿಲುಗಳನ್ನು ಎಳೆದು ತೆರೆಯುತ್ತವೆ. ಸುತ್ತಲಿನ ದ್ರವದಲ್ಲಿ ತುಂಬಿರುವ ಪೊಟ್ಯಾಸಿಯಂ ಒಳಗೆ ನುಗ್ಗುತ್ತದೆ. ಅದರಿಂದ ಕೋಶದ ವಿದ್ಯುತ್ ಸ್ಥಿತಿ ಬದಲಾಗಿ ಬುಡದಲ್ಲಿ ಕ್ಯಾಲ್ಸಿಯಂ ಒಳಬರುತ್ತದೆ, ಗ್ಲುಟಮೇಟ್ ಹೊರಬೀಳುತ್ತದೆ, ನರ ಮಿಡಿಯುತ್ತದೆ. ಮಿದುಳಿಗೆ ಸುದ್ದಿ ಮುಟ್ಟಿಸುವುದು ಮುಖ್ಯವಾಗಿ ಒಳ ಕೋಶಗಳು. ಹೊರ ಕೋಶಗಳ ಕೆಲಸ ಬೇರೆ: ಅವು ಕಂಪನದ ಲಯಕ್ಕೆ ತಾವೇ ಕುಗ್ಗಿ ಹಿಗ್ಗಿ ಸಣ್ಣ ಸದ್ದನ್ನು ದೊಡ್ಡದು ಮಾಡುತ್ತವೆ. ಗದ್ದಲಕ್ಕೆ ಮೊದಲು ಸಾಯುವುದು ಇವೇ. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಹೊರ ಕೋಶಗಳಿಗೇ ಪೆಟ್ಟು ಬಿದ್ದಿದೆಯೇ ಎಂದು ಖಚಿತಪಡಿಸಿಕೊಳ್ಳಲು ಓಎಇ ಎಂಬ ಪರೀಕ್ಷೆ ಮಾಡುತ್ತೇನೆ. ಆರೋಗ್ಯವಂತ ಹೊರ ಕೋಶಗಳು ಹಿಂದಕ್ಕೆ ಕಳಿಸುವ ಕ್ಷೀಣ ಪ್ರತಿಧ್ವನಿಯನ್ನು ಕಿವಿಯಲ್ಲಿಟ್ಟ ಪುಟ್ಟ ಮೈಕ್ ಹಿಡಿಯುತ್ತದೆ. ಇಂಥವರಲ್ಲಿ 4000 ಹರ್ಟ್ಜ್ ಸುತ್ತ ಅದು ಬರುವುದಿಲ್ಲ.

ಈಗ ದೂರಿಗೆ ಮರಳಿದರೆ, "ಸಾಲು", "ಕಾಲು", "ಹಾಲು" ಮೂರರಲ್ಲೂ ಉಳಿದದ್ದೆಲ್ಲ ಒಂದೇ, ಬೇರೆ ಮಾಡುವುದು ಮೊದಲ ವ್ಯಂಜನ. 'ಸ'ಕಾರದ ಶಕ್ತಿಯೆಲ್ಲ ಎತ್ತರದ ಸ್ವರಗಳಲ್ಲಿದೆ. ಸ್ವರಾಕ್ಷರ ಕೇಳಿಸಿ ವ್ಯಂಜನ ತಪ್ಪಿದಾಗ ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ಮನೆಯವರು ಜೋರಾಗಿ ಕೂಗುವುದರಿಂದ ಪ್ರಯೋಜನ ಕಡಿಮೆ, ಎದುರು ಬಂದು ನಿಧಾನವಾಗಿ ಹೇಳಿದರೆ ಒಳ್ಳೆಯದು.

ಗುಂಯ್‌ಗುಡುವ ಸದ್ದನ್ನೂ ಅಳೆಯಬಹುದು. ಬೇರೆ ಬೇರೆ ಸ್ವರ ಕೇಳಿಸಿ "ಇದರಂತಿದೆಯೇ?" ಎಂದು ಕೇಳುತ್ತೇನೆ. ಅದು ಬಹುತೇಕ ಗುಂಡಿಯ ಆಸುಪಾಸಿಗೇ ಹೊಂದುತ್ತದೆ, ಜೋರು ಮಾತ್ರ ಮಿತಿಗಿಂತ 5ರಿಂದ 10 ಡೆಸಿಬೆಲ್ ಹೆಚ್ಚು, ಅಷ್ಟೆ. ಇದಕ್ಕೆ ಹೆಚ್ಚು ಒಪ್ಪಿತವಾದ ವಿವರಣೆ: ಆ ಭಾಗದಿಂದ ಸಂದೇಶ ಕಡಿಮೆಯಾದಾಗ ಮಿದುಳಿನ ಶ್ರವಣ ಮಾರ್ಗ ತನ್ನ ವಾಲ್ಯೂಮ್ ತಾನೇ ಏರಿಸಿಕೊಳ್ಳುತ್ತದೆ, ನರಗಳ ತನ್ನಿಂತಾನೇ ನಡೆಯುವ ಮಿಡಿತವೇ ಸದ್ದಾಗಿ ಕೇಳಿಸುತ್ತದೆ. ಅದಕ್ಕೇ ಶ್ರವಣಯಂತ್ರ ಹಾಕಿ 2000ದಿಂದ ಮೇಲಿನ ಸ್ವರಗಳನ್ನು ಮರಳಿ ಕೊಟ್ಟಾಗ ಅನೇಕರಿಗೆ ಗುಂಯ್ ತಗ್ಗುತ್ತದೆ. ಕೆಳಸ್ವರ ಸರಿಯಿರುವವರಿಗೆ ಕಿವಿಹಾದಿ ಪೂರ್ತಿ ಮುಚ್ಚದ ತೆರೆದ ಬಿರಡೆ ಹಾಕಬೇಕು. ಮುಚ್ಚಿದರೆ ತಮ್ಮದೇ ದನಿ ಕೊಡದೊಳಗಿಂದ ಬಂದಂತೆ ಕೇಳಿ, ಯಂತ್ರ ಪೆಟ್ಟಿಗೆ ಸೇರುತ್ತದೆ.

ಗುಂಡಿ ಒಂದೇ ಕಿವಿಯಲ್ಲಿದ್ದರೆ, ಅಥವಾ ಗುಂಯ್ ಒಂದೇ ಕಡೆ ಇದ್ದರೆ, ಗದ್ದಲದ ಲೆಕ್ಕಕ್ಕೆ ಬರೆದು ಮುಗಿಸುವುದಿಲ್ಲ. ಶ್ರವಣ ನರದ ಗಡ್ಡೆ ಇಲ್ಲವೆಂದು ಎಂಆರ್‌ಐನಲ್ಲಿ ಖಚಿತವಾಗಬೇಕು. ಎರಡು ಕಿವಿಯಲ್ಲೂ ಎತ್ತರದ ಸ್ವರಗಳು ಕೆಲವೇ ವಾರಗಳಲ್ಲಿ ಹೋಗಿದ್ದರೆ ಕಿವಿಗೆ ಹಾನಿ ಮಾಡಬಲ್ಲ ಔಷಧಗಳಾದ ಅಮಿಕಾಸಿನ್, ಜೆಂಟಾಮೈಸಿನ್ ಅಥವಾ ಸಿಸ್‌ಪ್ಲಾಟಿನ್ ಕೊಟ್ಟಿದ್ದರೇ ಎಂದು ಹಳೆಯ ಚೀಟಿ ನೋಡುತ್ತೇನೆ. ಬೆಳಗ್ಗೆ ಎದ್ದಾಗ ಒಂದು ಕಿವಿ ಕೇಳಿಸುತ್ತಿಲ್ಲ ಎಂದು ಬಂದವರನ್ನು ಮಾತ್ರ ಸರದಿಯಲ್ಲಿ ಕೂರಿಸುವುದಿಲ್ಲ. ಸ್ಟೀರಾಯ್ಡ್ ಕೆಲಸ ಮಾಡುವ ಸಾಧ್ಯತೆ ಮೊದಲ ಎರಡು ವಾರಗಳಲ್ಲೇ ಹೆಚ್ಚು, ಆದ್ದರಿಂದ ಅವತ್ತೇ ಇಎನ್‌ಟಿ ವೈದ್ಯರ ಕೋಣೆಗೆ ಕಳಿಸುತ್ತೇನೆ.