ಕಬ್ಬಿನ ಬಿಲ್ಲಿನಲ್ಲಿ ನಾನು ಮೊದಲು ನೋಡುವ ಸಾಲು

ಸುತ್ತಮುತ್ತಲಿನ ರೈತರ ಕಬ್ಬಿನ ಬಿಲ್ಲು ಕೈಗೆ ಬಂದಾಗ ನಾನು ದರದ ಸಾಲು ಬಿಟ್ಟು ಕಟಾವು-ಸಾಗಾಣಿಕೆ ಕಡಿತದ ಸಾಲಿಗೆ ಹೋಗುತ್ತೇನೆ. ಕೇಂದ್ರ ಸರ್ಕಾರ ಗೊತ್ತುಮಾಡಿದ ಕನಿಷ್ಠ ದರವಾದ ಎಫ್‌ಆರ್‌ಪಿಗಿಂತ ಕಡಿಮೆ ಕೊಡಲು ಕಾರ್ಖಾನೆಗೆ ಕಾನೂನು ಬಿಡುವುದಿಲ್ಲ. ಆದರೆ ಆ ದರ ಕಾರ್ಖಾನೆ ಗೇಟಿನಲ್ಲಿ ಕೊಡುವ ದರ. ಹೊಲದಿಂದ ಗೇಟಿನವರೆಗಿನ ಖರ್ಚು ರೈತನದು, ಆ ಖರ್ಚು ಎಷ್ಟೆಂದು ಬರೆಯುವುದು ಮಾತ್ರ ಕಾರ್ಖಾನೆ. ಕೊಳ್ಳುವವನು ಒಬ್ಬನೇ ಇದ್ದ ಕಡೆ ರೈತನ ಹಣ ಸೋರುವುದು ಹೆಚ್ಚಾಗಿ ಇಲ್ಲೇ.

2025-26ರ ಹಂಗಾಮಿಗೆ ಸಕ್ಕರೆ ಇಳುವರಿ ಶೇ. 10.25 ಇದ್ದರೆ ಟನ್ನಿಗೆ 3,550 ರೂಪಾಯಿ. ಇಳುವರಿ 0.1 ಏರಿದರೆ 34.60 ರೂಪಾಯಿ ಸೇರುತ್ತದೆ, ಇಳಿದರೆ ಅಷ್ಟೇ ಕಳೆಯುತ್ತದೆ, 9.5 ಅಥವಾ ಅದಕ್ಕಿಂತ ಕಡಿಮೆ ಬಂದರೂ 3,290.50 ರೂಪಾಯಿ ಕೊಡಲೇಬೇಕು. ಒಂದು ಕಾರ್ಖಾನೆಯ ಇಳುವರಿ 10.75 ಎಂದುಕೊಳ್ಳೋಣ. ಐದು ಮೆಟ್ಟಿಲಿಗೆ 173 ಸೇರಿ ಗೇಟಿನ ದರ 3,723 ಆಯಿತು. ಬಿಲ್ಲಿನಲ್ಲಿ ಕಟಾವು-ಸಾಗಾಣಿಕೆಗೆ ಟನ್ನಿಗೆ 900 ಕಡಿತ ಇದ್ದರೆ ಹೊಲದ ದರ 2,823. ರೈತ ಹಿಡಿದು ಮಾತಾಡಬೇಕಾದ ಅಂಕಿ ಇದು.

ಈಗ ಆ 900ನ್ನು ಬಿಚ್ಚಿ ನೋಡಬೇಕು. ಹಲವು ಕಡೆ ಇದು ಎಲ್ಲ ಹೊಲಗಳ ಸರಾಸರಿ. ಗೇಟಿನಿಂದ ಆರು ಕಿಲೋಮೀಟರ್ ದೂರದ ಹೊಲಕ್ಕೂ ಅರವತ್ತು ಕಿಲೋಮೀಟರ್ ದೂರದ ಹೊಲಕ್ಕೂ ಒಂದೇ ಕಡಿತ. ಹತ್ತಿರದ ಹೊಲಕ್ಕೆ ಕಟಾವು 400, ಟ್ರ್ಯಾಕ್ಟರ್ ಬಾಡಿಗೆ 250, ಒಟ್ಟು 650 ಬಿದ್ದರೆ ಟನ್ನಿಗೆ 250 ರೂಪಾಯಿ ಹೆಚ್ಚು ಕಡಿತವಾದಂತೆ. ಎಕರೆಗೆ 40 ಟನ್ ಬಂದರೆ ಹತ್ತು ಸಾವಿರ ರೂಪಾಯಿ. ಆ ಹಣ ಕಾರ್ಖಾನೆ ವ್ಯಾಪ್ತಿಯ ಅಂಚಿನಲ್ಲಿರುವ ದೂರದ ಹೊಲಗಳ ಕಬ್ಬಿನ ಸಾಗಾಣಿಕೆಗೆ ಹೋಗುತ್ತದೆ. ಅಲ್ಲಿ ಇನ್ನೊಂದು ಕಾರ್ಖಾನೆಯೂ ಕಬ್ಬು ಕೇಳುತ್ತಿರುತ್ತದೆ, ಹಾಗಾಗಿ ಅಲ್ಲಿಯ ರೈತನನ್ನು ಒಲಿಸಿಕೊಳ್ಳಬೇಕು. ಗೇಟಿನ ಪಕ್ಕದವನು ಬೇರೆಲ್ಲೂ ಹೋಗಲಾರ, ಅವನಿಂದ ಹೆಚ್ಚು ಹಿಡಿದರೂ ಕಬ್ಬು ಬಂದೇ ಬರುತ್ತದೆ.

ಅವನು ನಿಜವಾಗಿ ಹೋಗಲಾರನೇ ಎಂಬುದನ್ನೂ ಲೆಕ್ಕ ಹಾಕಿಯೇ ನೋಡುತ್ತೇನೆ. ಎರಡನೆಯ ಕಾರ್ಖಾನೆ 45 ಕಿಲೋಮೀಟರ್ ದೂರ, ಇಳುವರಿ 10.4 ಇದ್ದರೆ ಅದರ ಗೇಟಿನ ದರ ಸುಮಾರು 3,602. ಕಟಾವು 400, ಸಾಗಾಣಿಕೆ 550 ಕಳೆದರೆ ಉಳಿಯುವುದು 2,652. ಮೊದಲ ಕಾರ್ಖಾನೆ ಕೊಡುವ 2,823 ಇದಕ್ಕಿಂತ 171 ಹೆಚ್ಚು. ನಿಜವಾದ ಖರ್ಚಷ್ಟೇ ಹಿಡಿದರೆ ಅದು 3,073 ಕೊಡಬೇಕಿತ್ತು. 2,652ಕ್ಕೂ 3,073ಕ್ಕೂ ನಡುವಿನ 421 ರೂಪಾಯಿಯೇ ಚೌಕಾಸಿಯ ಜಾಗ, ಅದರಲ್ಲಿ ದೊಡ್ಡ ಪಾಲು ಕಾರ್ಖಾನೆಯ ಕಡೆಗಿದೆ. ದೂರ ಹೆಚ್ಚಿದಷ್ಟೂ ಕಡಿದ ಕಬ್ಬು ಒಣಗಿ ತೂಕ ಕಳೆದುಕೊಳ್ಳುವುದನ್ನು ಇಲ್ಲಿ ಸೇರಿಸಿಲ್ಲ. ಸೇರಿಸಿದರೆ 2,652 ಇನ್ನೂ ಇಳಿಯುತ್ತದೆ.

ನಾವು ಹಂಗಾಮಿಗೆ ಮೊದಲೇ ಕೇಳುವುದು ಎರಡು. ಒಂದು, ಕಡಿತ ಕಿಲೋಮೀಟರ್ ಹಂತದ ಪ್ರಕಾರ ಇರಲಿ. ಇನ್ನೊಂದು, ಸ್ವಂತವಾಗಿ ಕಡಿದು ಸಾಗಿಸುವವರಿಗೆ ಕಡಿತವಿಲ್ಲದೆ ಗೇಟಿನ ದರ ಸಿಗಲಿ. ಎರಡನೆಯದನ್ನು ಒಬ್ಬರೇ ಮಾಡಲು ಹೋದರೆ ಕೈಗೂಡುವುದು ಕಷ್ಟ: ಎರಡು ಎಕರೆಗಾಗಿ ಕಬ್ಬು ಕಡಿಯುವವರ ಗ್ಯಾಂಗ್ ಬರುವುದಿಲ್ಲ, ಬಂದರೂ ಯಾವಾಗ ಕಡಿಯಬೇಕೆಂದು ತಿಳಿಸುವ ಕಟಾವಿನ ಚೀಟಿ ಕಾರ್ಖಾನೆಯಿಂದ ಸಿಗುವುದು ತಡವಾಗುತ್ತದೆ. ಅಕ್ಕಪಕ್ಕದ ಐದಾರು ಹೊಲದವರು ಸೇರಿ ಒಂದೇ ಗ್ಯಾಂಗಿಗೆ ಎರಡು ಮೂರು ವಾರದ ಕೆಲಸ ತೋರಿಸಿ, ಚೀಟಿಯ ತಾರೀಖುಗಳನ್ನು ಒಟ್ಟಿಗೆ ಬರೆಸಿಕೊಂಡರೆ ನಡೆಯುತ್ತದೆ.

ಚೀಟಿಯ ಮಾತು ಬಂದದ್ದಕ್ಕೆ ಹೇಳಬೇಕು, ಕಡಿತದ ಬಗ್ಗೆ ಗಟ್ಟಿಯಾಗಿ ಕೇಳಿದವನ ಚೀಟಿ ಹಿಂದೆ ಬೀಳುವುದು ಬಿಲ್ಲಿನಲ್ಲಿ ಕಾಣುವುದಿಲ್ಲ. ಮಾಗಿದ ಕಬ್ಬು ಹೊಲದಲ್ಲೇ ನಿಂತು ಸೂಲಂಗಿ ಬಂದರೆ ಒಳಗೆ ಬೆಂಡಾಗಿ ತೂಕ ಕಡಿಮೆಯಾಗುತ್ತದೆ, ಕೂಳೆಯೂ ತಡವಾಗುತ್ತದೆ. ಆದ್ದರಿಂದ ನಾಟಿ ಮಾಡಿದ ವಾರದಲ್ಲೇ ಕಾರ್ಖಾನೆಯ ಫೀಲ್ಡ್‌ಮನ್ ಹತ್ತಿರ ನಾಟಿಯ ತಾರೀಖು ಬರೆಸಿ ಸಹಿ ಇರುವ ಪ್ರತಿ ಇಟ್ಟುಕೊಳ್ಳಬೇಕು. ಕಟಾವಿನ ಸರದಿ ಪಟ್ಟಿಯ ಫೋಟೊವನ್ನು ವಾರವಾರ ತೆಗೆದರೆ ನಮಗಿಂತ ತಡವಾಗಿ ನಾಟಿ ಮಾಡಿದವರ ಕಬ್ಬು ಮೊದಲು ಹೋಯಿತೇ ಎಂಬುದು ಗೊತ್ತಾಗುತ್ತದೆ.

ಹಣ ತಡವಾಗುವುದೂ ದರ ಇಳಿಸಿದಂತೆಯೇ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಬರಬೇಕು, ಆಮೇಲೆ ವರ್ಷಕ್ಕೆ ಶೇ. 15 ಬಡ್ಡಿ. 40 ಟನ್ನಿಗೆ 1,12,920 ರೂಪಾಯಿ 75ನೆಯ ದಿನ ಬಂದರೆ 61 ದಿನದ ಬಡ್ಡಿ ಸುಮಾರು 2,831 ರೂಪಾಯಿ. ತೂಕದ ಚೀಟಿ ಮತ್ತು ಬ್ಯಾಂಕ್ ಪಾಸ್‌ಬುಕ್ ಪುಟ ಜೋಡಿಸಿ ಜಿಲ್ಲಾಧಿಕಾರಿಗೂ ಕಬ್ಬು ಅಭಿವೃದ್ಧಿ ಆಯುಕ್ತರಿಗೂ ಬರೆದು ಕೊಡಬೇಕು. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಆದೇಶದಲ್ಲೇ ಅವಕಾಶವಿದೆ. ಅರ್ಜಿಯಲ್ಲಿ ಅಸಲು, ದಿನ, ಬಡ್ಡಿ ಬೇರೆ ಬೇರೆ ಸಾಲಿನಲ್ಲಿರಲಿ. ಅಸಲು ಕೈಗೆ ಬಂದ ಮೇಲೆ ಬಡ್ಡಿಯ ಮಾತು ಬಿಟ್ಟುಬಿಡುವುದು ಸಾಮಾನ್ಯ, ಆದ್ದರಿಂದ ಹಣ ಜಮೆಯಾದ ದಿನವೇ ಬಡ್ಡಿಗೆ ಎರಡನೆಯ ಅರ್ಜಿ ಹಾಕಬೇಕು.